ಬೋರ್ಡಿನಲ್ಲಿ 135, ಕಡಿತ 70: ಫಾಸ್ಟ್ಯಾಗ್ ಲೆಕ್ಕ ಓದುವ ಬಗೆ

ಭಾನುವಾರ ಬೆಳಗ್ಗೆ ಏಳು ಗಂಟೆಗೇ ಭಾವನ ಫೋನ್ ಬಂತು. ಅವರು ನಿವೃತ್ತ ಗಣಿತ ಮೇಷ್ಟ್ರು. ಮನೆಖರ್ಚನ್ನು ಇವತ್ತಿಗೂ ಪುಸ್ತಕದಲ್ಲಿ ಬರೆದಿಡುವವರು. "ನೋಡಪ್ಪ, ಕಾರು ರಾತ್ರಿಯಿಂದ ಮನೆ ಮುಂದೆಯೇ ನಿಂತಿದೆ. ಬೆಳಗ್ಗೆ ಆರೂ ಹತ್ತಕ್ಕೆ ಫಾಸ್ಟ್ಯಾಗಿನಿಂದ ಎಪ್ಪತ್ತು ರೂಪಾಯಿ ಕಟ್ ಆಗಿದೆ ಅಂತ ಮೆಸೇಜ್ ಬಂದಿದೆ. ನಿಂತ ಗಾಡಿಗೆ ಟೋಲ್ ಯಾವುದು? ಅದೂ ನೂರಾ ಮೂವತ್ತೈದು ಬರೆದಿರೋ ಗೇಟಲ್ಲಿ ಎಪ್ಪತ್ತು ಹೇಗೆ ಬಂತು?"

ಹಿಂದಿನ ದಿನ ಅವರು ಅಕ್ಕನ ಜೊತೆ ಮದುವೆಗೆಂದು ಪಕ್ಕದ ಜಿಲ್ಲೆಗೆ ಹೋಗಿ ಬಂದಿದ್ದರು. ದಾರಿಯಲ್ಲಿ ಇದ್ದದ್ದು ಒಂದೇ ಟೋಲ್. ಕಾರಿಗೆ ಒಂದು ಸಲಕ್ಕೆ 135 ರೂಪಾಯಿ ಎಂದು ಬೋರ್ಡಿನಲ್ಲಿ ನೋಡಿ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಹೊರಡುವಾಗ ಬ್ಯಾಲೆನ್ಸ್ 120 ಇತ್ತು, ಮಧ್ಯಾಹ್ನ 500 ರೀಚಾರ್ಜ್ ಮಾಡಿದರು. ಎರಡು ಸಲ 135 ಕಳೆದರೆ 350 ಉಳಿಯಬೇಕು. ಆದರೆ ಫೋನಿನಲ್ಲಿ ಕಾಣುತ್ತಿದ್ದದ್ದು 415. ಹೋಗುವಾಗ ಬ್ಯಾಲೆನ್ಸ್ ಇಳಿದದ್ದು 120, ರೀಚಾರ್ಜ್ ಮಾಡಿದಾಗ ಏರಿದ್ದು 485, ಬೆಳಗ್ಗೆ ಇಳಿದದ್ದು 70. ಬೋರ್ಡಿನ 135 ಈ ಮೂರರಲ್ಲಿ ಎಲ್ಲೂ ಇರಲಿಲ್ಲ.

ಭಾವನಿಗೆ ಲಾಭವೇ ಆಗಿತ್ತು, ಆದರೆ ತಾಳೆಯಾಗದ ಲೆಕ್ಕ ಅವರಿಗೆ ಸಮಾಧಾನ ಕೊಡುವುದಿಲ್ಲ. ಅವತ್ತು ಮಧ್ಯಾಹ್ನ ಅವರ ಮನೆಗೆ ಹೋಗಿ ಸ್ಟೇಟ್‌ಮೆಂಟ್ ತೆರೆದು ಸಾಲು ಸಾಲಾಗಿ ಓದಿದೆವು. ಮೂರು ಅಂಕಿಗಳಿಗೂ ಬೇರೆ ಬೇರೆ ಕಾರಣವಿತ್ತು. ರಸ್ತೆಗಿಳಿಯುವ ಬಹಳಷ್ಟು ಜನರ ಅನುಮಾನಗಳೂ ಈ ಮೂರು ಕಾರಣಗಳಲ್ಲೇ ತೀರುತ್ತವೆ. ತೀರದೆ ಉಳಿದರೆ ಮಾತ್ರ ಅದು ದೂರು ಕೊಡಬೇಕಾದ ಸಂಗತಿ.

ಎಪ್ಪತ್ತು ಬಂದದ್ದು ಹೀಗೆ

ರಾಷ್ಟ್ರೀಯ ಹೆದ್ದಾರಿಗಳ ಟೋಲ್ ದರ ನಿಂತಿರುವುದು 2008ರ ಶುಲ್ಕ ನಿಯಮಗಳ ಮೇಲೆ. ಅದರ ಪ್ರಕಾರ ಒಂದೇ ಟೋಲನ್ನು 24 ಗಂಟೆಯೊಳಗೆ ಹೋಗಿ ಬರುವಾಗ ದಾಟಿದರೆ ಎರಡು ಪಟ್ಟು ಕೊಡಬೇಕಿಲ್ಲ, ಒಂದೂವರೆ ಪಟ್ಟು ಕೊಟ್ಟರೆ ಸಾಕು. ಹಿಂದೆ ಬೂತಿನಲ್ಲಿ "ರಿಟರ್ನ್ ಕೊಡಿ" ಎಂದು ಕೇಳಿ ಚೀಟಿ ಪಡೆಯುತ್ತಿದ್ದೆವು. 2020ರ ಆಗಸ್ಟಿನಿಂದ ಈ ರಿಯಾಯಿತಿ ಫಾಸ್ಟ್ಯಾಗಿಗೆ ಮಾತ್ರ. ಈಗ ಕೇಳುವ ಅಗತ್ಯವೂ ಇಲ್ಲ. ಹೋಗುವಾಗ ಒಂದು ಸಲದ ಪೂರ್ತಿ ಹಣ ಹೋಗುತ್ತದೆ. 24 ಗಂಟೆಯೊಳಗೆ ಅದೇ ಟ್ಯಾಗ್ ಮತ್ತೆ ಕಂಡರೆ ಟೋಲಿನ ಕಂಪ್ಯೂಟರ್ ಅದನ್ನು ಗುರುತಿಸಿ, ರಿಟರ್ನ್ ದರಕ್ಕೆ ಎಷ್ಟು ಬಾಕಿಯೋ ಅಷ್ಟನ್ನೇ ಕೇಳುತ್ತದೆ.

ಹಾಗಿದ್ದರೆ 135ರ ಅರ್ಧ 67 ರೂಪಾಯಿ 50 ಪೈಸೆ ಆಗಬೇಕಲ್ಲ, 70 ಏಕೆ ಎಂಬುದು ಮೇಷ್ಟ್ರ ಮುಂದಿನ ಪ್ರಶ್ನೆ. ಟೋಲ್ ದರವನ್ನು ಹತ್ತಿರದ ಐದು ರೂಪಾಯಿಗೆ ಸರಿಮಾಡಬೇಕೆಂದು ನಿಯಮವಿದೆ. ಒಂದು ಸಲದ ದರವನ್ನೂ ರಿಟರ್ನ್ ದರವನ್ನೂ ಬೇರೆ ಬೇರೆಯಾಗಿ ಹಾಗೆ ಸರಿಮಾಡುತ್ತಾರೆ. 2023ರ ಮಾರ್ಚ್ 14ರಂದು ಬೆಂಗಳೂರು–ಮೈಸೂರು ಹೆದ್ದಾರಿಯ ಬೆಂಗಳೂರು–ನಿಡಘಟ್ಟ ಭಾಗದಲ್ಲಿ ಟೋಲ್ ಶುರುವಾದಾಗಲೂ ಕಾರಿಗೆ ಇದೇ ಜೋಡಿ ದರವಿತ್ತು: ಒಂದು ಸಲಕ್ಕೆ 135, ಹೋಗಿ ಬರಲು 205. ಹೋಗುವಾಗ 135 ಕಟ್ಟಿದವರು ಬರುವಾಗ ಕಟ್ಟಬೇಕಾದದ್ದು 205ರಲ್ಲಿ 135 ಕಳೆದು ಉಳಿಯುವ 70. ಆದ್ದರಿಂದ ವಾಪಸಿನ ಕಡಿತ ನೋಡುವಾಗ ಅರ್ಧದ ಲೆಕ್ಕ ಹಾಕಬೇಡಿ. ಬೋರ್ಡಿನ ರಿಟರ್ನ್ ದರದಲ್ಲಿ ಒಂದು ಸಲದ ದರ ಕಳೆಯಿರಿ, ಬರುವ ಅಂಕಿಯೇ ಸರಿಯಾದ ಕಡಿತ.

ಇಲ್ಲಿ ಎರಡು ಮಿತಿಗಳಿವೆ. 24 ಗಂಟೆ ಎಂದರೆ ಮೊದಲ ಸಲ ಟೋಲ್ ದಾಟಿದ ಗಳಿಗೆಯಿಂದ ಎಣಿಸುವ 24 ಗಂಟೆ, ಮಧ್ಯರಾತ್ರಿಯಿಂದ ಮಧ್ಯರಾತ್ರಿಗಲ್ಲ. ಶನಿವಾರ ಬೆಳಗ್ಗೆ 7:40ಕ್ಕೆ ದಾಟಿದವರು ಭಾನುವಾರ 7:45ಕ್ಕೆ ಬಂದರೆ ಐದೇ ನಿಮಿಷದಲ್ಲಿ ರಿಯಾಯಿತಿ ತಪ್ಪಿ ಪೂರ್ತಿ 135 ಹೋಗುತ್ತದೆ. ಎರಡನೆಯದಾಗಿ, ಈ ಒಂದೂವರೆ ಪಟ್ಟಿನ ಲೆಕ್ಕ ಎರಡು ಸಲ ದಾಟುವುದಕ್ಕೆ ಮಾತ್ರ. ಅದೇ ದಿನ ಮೂರನೇ ಸಲ ದಾಟಿದರೆ ಹೊಸ ಲೆಕ್ಕ ಶುರುವಾಗುತ್ತದೆ. 135, 70, ಮತ್ತೆ 135 ಎಂದು ಕಂಡರೆ ಗಾಬರಿ ಬೇಡ.

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡಾಡುವವರಿಗೆ ಇನ್ನೊಂದು ಗೊಂದಲವಿದೆ. ಅಲ್ಲಿ ಮೊದಲ ಭಾಗಕ್ಕೆ ಕಣಿಮಿಣಿಕೆ ಮತ್ತು ಶೇಷಗಿರಿಹಳ್ಳಿ ಎಂಬ ಎರಡು ಕಡೆ ಗೇಟುಗಳಿವೆ, ಹೋಗುವವರಿಗೆ ಒಂದು, ಬರುವವರಿಗೆ ಇನ್ನೊಂದು. ಸ್ಟೇಟ್‌ಮೆಂಟಿನಲ್ಲಿ ಎರಡು ಹೆಸರು ಕಂಡರೂ ಅವು ಒಂದೇ ರಸ್ತೆಭಾಗದ ಹೋಗುವ ಬರುವ ಬಾಗಿಲುಗಳು. ಆಮೇಲೆ ಗಣಂಗೂರಿನಲ್ಲಿ ಕಡಿತವಾಗುವುದು ಮಾತ್ರ ನಿಡಘಟ್ಟದಿಂದ ಮೈಸೂರಿನವರೆಗಿನ ಬೇರೆ ಭಾಗಕ್ಕೆ.

ನಿಂತ ಕಾರಿಗೆ ಬಂದ ಮೆಸೇಜು

ಟೋಲಿನಲ್ಲಿ ಕಂಬಿ ಮೇಲೇಳುವುದು ಹಣ ಸಂದಾಯವಾದ ಮೇಲೆ ಎಂದೇ ನಾವೆಲ್ಲ ತಿಳಿದಿದ್ದೇವೆ. ನಡೆಯುವುದು ಹಾಗಲ್ಲ. ಗಾಜಿನ ಮೇಲಿನ ಟ್ಯಾಗಿನಲ್ಲಿ ಬ್ಯಾಟರಿ ಇಲ್ಲ, ಹಣವೂ ಇಲ್ಲ. ಇರುವುದು ಒಂದು ಗುರುತಿನ ಸಂಖ್ಯೆ ಮಾತ್ರ. ಲೇನಿನ ಮೇಲಿರುವ ರೀಡರ್ ರೇಡಿಯೋ ತರಂಗದ ಮೂಲಕ ಆ ಸಂಖ್ಯೆಯನ್ನು ಓದುತ್ತದೆ. ಆ ಟ್ಯಾಗ್ ಕಪ್ಪುಪಟ್ಟಿಯಲ್ಲಿ ಇದೆಯೇ ಎಂದು ಲೇನಿನ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಕಂಬಿ ಏಳುತ್ತದೆ. ಹಣದ ಪ್ರಯಾಣ ಶುರುವಾಗುವುದು ಆಮೇಲೆ.

ಟೋಲಿನ ಕಂಪ್ಯೂಟರ್ ಆ ದಾಟುವಿಕೆಯ ವಿವರವನ್ನು ತನ್ನ ಬ್ಯಾಂಕಿಗೆ ಕಳಿಸುತ್ತದೆ. ಆ ಬ್ಯಾಂಕು ಅದನ್ನು ರಾಷ್ಟ್ರೀಯ ಪಾವತಿ ನಿಗಮದ ಜಾಲಕ್ಕೆ ದಾಟಿಸುತ್ತದೆ. ಟ್ಯಾಗ್ ಕೊಟ್ಟ ಬ್ಯಾಂಕು ಯಾವುದೆಂದು ಹುಡುಕಿ ನಿಗಮವು ಕೋರಿಕೆಯನ್ನು ಅಲ್ಲಿಗೆ ಕಳಿಸುತ್ತದೆ. ನಮ್ಮ ಬ್ಯಾಂಕು ಬ್ಯಾಲೆನ್ಸಿನಿಂದ ಹಣ ತೆಗೆದು ಮೆಸೇಜ್ ಕಳಿಸುವುದು ಕೊನೆಯ ಹಂತ. ಎಲ್ಲ ಸರಿಯಿದ್ದರೆ ಇದಕ್ಕೆ ಹೆಚ್ಚು ಹೊತ್ತು ಬೇಡ. ಟೋಲಿನಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ವಿವರಗಳು ಅಲ್ಲೇ ಕೂತಿದ್ದು, ಸಂಪರ್ಕ ಬಂದಾಗ ಒಟ್ಟಿಗೆ ಹೊರಡುತ್ತವೆ. ಭಾವ ಶನಿವಾರ ರಾತ್ರಿ 9:25ಕ್ಕೆ ದಾಟಿದ್ದರು, ಹಣ ಹೋದದ್ದು ಭಾನುವಾರ ಬೆಳಗ್ಗೆ 6:10ಕ್ಕೆ.

ಹೀಗಾಗಿ ಸ್ಟೇಟ್‌ಮೆಂಟಿನಲ್ಲಿ ಎರಡು ಸಮಯಗಳಿರುತ್ತವೆ. ಇದು ಗೊತ್ತಾದರೆ ಅರ್ಧ ಗೊಂದಲ ಕಳೆಯಿತು. `Reader Read Time` ಎಂದಿದ್ದರೆ ಅದು ರೀಡರ್ ನಿಮ್ಮ ಟ್ಯಾಗನ್ನು ಓದಿದ ಗಳಿಗೆ, ಅಂದರೆ ಗಾಡಿ ಗೇಟಿನಲ್ಲಿದ್ದ ಹೊತ್ತು. `Transaction Date` ಅಥವಾ ಅಂಥದ್ದೇ ಇನ್ನೊಂದು ಹೆಸರಿನಲ್ಲಿರುವುದು ಬ್ಯಾಂಕು ಹಣ ತೆಗೆದ ಗಳಿಗೆ. ಮೆಸೇಜಿನಲ್ಲಿ ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳುವುದು ಎರಡನೆಯದು. ಕೆಲವು ಆ್ಯಪ್‌ಗಳು ಮೊದಲ ನೋಟಕ್ಕೆ ಒಂದೇ ಸಮಯ ತೋರಿಸುತ್ತವೆ. ಆ ಸಾಲನ್ನು ಒತ್ತಿದರೆ ಅಥವಾ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿದರೆ ಇನ್ನೊಂದು ಸಿಗುತ್ತದೆ.

ಒಂದೇ ದಿನ ನಾಲ್ಕೈದು ಟೋಲ್ ದಾಟಿದವರಿಗೆ ಇದು ಇನ್ನೂ ಮುಖ್ಯ. ಮೂರನೇ ಟೋಲಿನ ಹಣ ಮೊದಲು ಹೋಗಿ, ಮೊದಲನೆಯದರ ಹಣ ಸಂಜೆಗೆ ಹೋಗಬಹುದು. ಗೇಟು ದಾಟಿದ ಕೂಡಲೇ ಬ್ಯಾಲೆನ್ಸ್ ನೋಡಿ "ಇಲ್ಲಿ ಇಷ್ಟು ಕಟ್ ಆಯಿತು" ಎಂದುಕೊಂಡರೆ, ಆ ಇಳಿತದಲ್ಲಿ ಹಿಂದಿನ ಟೋಲಿನ ಹಣವೂ ಸೇರಿರಬಹುದು. ಬ್ಯಾಲೆನ್ಸನ್ನು ಬೋರ್ಡಿನ ಜೊತೆ ಹೋಲಿಸಬೇಡಿ. ಸ್ಟೇಟ್‌ಮೆಂಟಿನ ಒಂದೊಂದು ಸಾಲನ್ನು ಆ ಸಾಲಿನ ಟೋಲಿನ ದರದ ಜೊತೆ ಹೋಲಿಸಿ.

ಕಾಣೆಯಾದ ಹದಿನೈದು ರೂಪಾಯಿ

ಉಳಿದದ್ದು 120 ಮತ್ತು 485ರ ಒಗಟು. ಟ್ಯಾಗ್ ಕೊಳ್ಳುವಾಗ ಬ್ಯಾಂಕು ಭದ್ರತಾ ಠೇವಣಿ ಎಂದು ಸ್ವಲ್ಪ ಹಣ ಇಟ್ಟುಕೊಂಡಿರುತ್ತದೆ. ಭಾವನ ಟ್ಯಾಗಿಗೆ ಅದು 200 ರೂಪಾಯಿ. ಖರ್ಚು ಮಾಡಲು ಸಿಗುವ ಬ್ಯಾಲೆನ್ಸಿನಲ್ಲಿ ಇದು ಕಾಣುವುದಿಲ್ಲ. 2021ರ ಫೆಬ್ರವರಿಯಲ್ಲಿ ಹೆದ್ದಾರಿ ಪ್ರಾಧಿಕಾರ ಕಾರು, ಜೀಪು, ವ್ಯಾನುಗಳ ಟ್ಯಾಗಿಗೆ ಕನಿಷ್ಠ ಬ್ಯಾಲೆನ್ಸ್ ಇರಲೇಬೇಕೆಂಬ ಷರತ್ತನ್ನು ತೆಗೆದುಹಾಕಿತು. ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗಿಲ್ಲದಿದ್ದರೆ ಗಾಡಿಯನ್ನು ಬಿಡಬೇಕು, ದಾಟಿದ ಮೇಲೆ ಹಣ ಸಾಲದೆ ಬಂದರೆ ಕೊರತೆಯನ್ನು ಠೇವಣಿಯಿಂದ ತೆಗೆದುಕೊಳ್ಳಬಹುದು, ಮುಂದಿನ ರೀಚಾರ್ಜಿನಲ್ಲಿ ಠೇವಣಿ ಮತ್ತೆ ತುಂಬಬೇಕು ಎಂಬುದು ವ್ಯವಸ್ಥೆ.

ಭಾವನಿಗೆ ಆದದ್ದು ಇದೇ. ಬ್ಯಾಲೆನ್ಸ್ 120, ಟೋಲು 135. ಬ್ಯಾಲೆನ್ಸು ಪೂರ್ತಿ ಖಾಲಿಯಾಗಿ ಇನ್ನು 15 ಠೇವಣಿಯಿಂದ ಹೋಯಿತು, ಠೇವಣಿ 185ಕ್ಕೆ ಇಳಿಯಿತು. ಮಧ್ಯಾಹ್ನ ಹಾಕಿದ 500ರಲ್ಲಿ ಮೊದಲ 15 ಠೇವಣಿಯನ್ನು ಮತ್ತೆ 200ಕ್ಕೆ ತುಂಬಿತು, ಬ್ಯಾಲೆನ್ಸಿಗೆ ಸೇರಿದ್ದು 485. ಯಾರೂ ಕಮಿಷನ್ ಹಿಡಿದಿರಲಿಲ್ಲ. ಕೆಲವು ಬ್ಯಾಂಕುಗಳು ಇದನ್ನೇ ಬ್ಯಾಲೆನ್ಸ್ ಮೈನಸ್ 15 ಎಂದು ತೋರಿಸುತ್ತವೆ. ತೋರಿಸುವ ರೀತಿ ಬೇರೆ, ಲೆಕ್ಕ ಒಂದೇ.

ಪೂರ್ತಿ ಲೆಕ್ಕವನ್ನು ಭಾವನ ಪುಸ್ತಕದಲ್ಲೇ ಹೀಗೆ ಬರೆದೆವು:

- ಶನಿವಾರ ಬೆಳಗ್ಗೆ 7:40, ಹೋಗುವ ಟೋಲ್ 135. ಬ್ಯಾಲೆನ್ಸ್ 120ರಿಂದ 0, ಠೇವಣಿ 200ರಿಂದ 185.
- ಮಧ್ಯಾಹ್ನ ರೀಚಾರ್ಜ್ 500. ಠೇವಣಿಗೆ 15, ಬ್ಯಾಲೆನ್ಸಿಗೆ 485.
- ರಾತ್ರಿ 9:25, ವಾಪಸು ಟೋಲ್ 70, ಕಡಿತವಾದದ್ದು ಮರುದಿನ ಬೆಳಗ್ಗೆ 6:10. ಬ್ಯಾಲೆನ್ಸ್ 415.

ಕೊನೆಗೆ ತಾಳೆ ನೋಡುವ ಕ್ರಮ. ಮೊದಲಿದ್ದ ಬ್ಯಾಲೆನ್ಸ್ 120, ಠೇವಣಿ 200, ಹಾಕಿದ್ದು 500, ಒಟ್ಟು 820. ಅದರಲ್ಲಿ ಟೋಲು 205 ಕಳೆದರೆ 615. ಈಗ ಇರುವುದು ಬ್ಯಾಲೆನ್ಸ್ 415 ಮತ್ತು ಠೇವಣಿ 200, ಅದೂ 615. ಮೇಷ್ಟ್ರು ಕೆಳಗೆ ಎರಡು ಗೆರೆ ಎಳೆದರು. ಠೇವಣಿಯನ್ನು ಸೇರಿಸದೆ ಲೆಕ್ಕ ಹಾಕಿದರೆ ಇಂಥ ಸ್ಟೇಟ್‌ಮೆಂಟಿನ ನಡುವಿನ ಸಾಲುಗಳು ತಾಳೆಯಾಗುವುದಿಲ್ಲ.

ದಿನ ಕಳೆದು ಬರುವ ಎರಡನೇ ಕಡಿತ

ಭಾವನ ಸ್ಟೇಟ್‌ಮೆಂಟಿನಲ್ಲಿ ಇಲ್ಲದ, ಆದರೆ ಸರಕು ಗಾಡಿಯವರಿಗೆ ಆಗಾಗ ತೊಂದರೆ ಕೊಡುವ ಇನ್ನೊಂದು ವ್ಯತ್ಯಾಸವಿದೆ. ಪ್ರತಿ ಟ್ಯಾಗಿಗೂ ಒಂದು ವಾಹನ ವರ್ಗ ಅಂಟಿಕೊಂಡಿರುತ್ತದೆ. ಕಾರು, ಜೀಪು, ವ್ಯಾನುಗಳದ್ದು `VC4`. ಗೇಟಿನಲ್ಲಿ ಹಣ ಕೇಳುವುದು ಟ್ಯಾಗಿನ ಈ ವರ್ಗದ ಮೇಲೆ. ಆದರೆ ಲೇನಿನಲ್ಲಿ ಗಾಡಿಯ ಆಕಾರವನ್ನೂ ಆಕ್ಸಲ್ಲುಗಳನ್ನೂ ಅಳೆಯುವ ಸಾಧನ ಬೇರೆ ಇದೆ. ಕಾರಿನ ಟ್ಯಾಗ್ ಅಂಟಿಸಿಕೊಂಡ ಲಘು ಸರಕು ವಾಹನ ದಾಟಿದರೆ ಎರಡೂ ಹೊಂದುವುದಿಲ್ಲ. ಆಗ ಟೋಲಿನವರು ಚಿತ್ರದ ಸಮೇತ ವ್ಯತ್ಯಾಸದ ಹಣವನ್ನು ಆಮೇಲೆ ಕೇಳಬಹುದು. ಮೇಲೆ ಹೇಳಿದ 135ರ ಟೋಲಿನಲ್ಲಿ ಲಘು ಸರಕು ವಾಹನದ ದರ 220 ಎಂದಿದ್ದರೆ, ಮೊದಲು 135 ಹೋಗಿ, ದಿನ ಕಳೆದು 85 ಹೋಗುತ್ತದೆ.

ಇದನ್ನು ಗುರುತಿಸುವುದು ಸುಲಭ. ಸ್ಟೇಟ್‌ಮೆಂಟಿನಲ್ಲಿ `Debit Adjustment` ಎಂಬಂಥ ಹೆಸರಿರುತ್ತದೆ, ಟೋಲಿನ ಹೆಸರು ಹಳೆಯದೇ, ಗಾಡಿ ಮಾತ್ರ ಹೊಸದಾಗಿ ದಾಟಿರುವುದಿಲ್ಲ. ಮೊತ್ತವು ಎರಡು ವರ್ಗಗಳ ದರಗಳ ವ್ಯತ್ಯಾಸಕ್ಕೆ ಸರಿಹೊಂದುತ್ತದೆ. ಟ್ಯಾಗಿನ ವರ್ಗ ನಿಜವಾಗಿ ತಪ್ಪಿದ್ದರೆ ಆರ್‌ಸಿ ಕೊಟ್ಟು ಬ್ಯಾಂಕಿನಲ್ಲಿ ಸರಿಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ಪ್ರತಿ ಟೋಲಿನಲ್ಲೂ ಇದೇ ಪಾಡು. ವರ್ಗ ಸರಿಯಿದ್ದು ಸಾಧನವೇ ಕಾರನ್ನು ದೊಡ್ಡ ಗಾಡಿ ಎಂದು ಎಣಿಸಿದ್ದರೆ, ಅದೇ ಆರ್‌ಸಿ ಹಣ ವಾಪಸು ಕೇಳಲು ನಿಮ್ಮ ಸಾಕ್ಷಿ.

ಸೊನ್ನೆ ಎಂದು ಬರುವ ಸಾಲು

2025ರ ಆಗಸ್ಟ್ 15ರಿಂದ ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ವಾರ್ಷಿಕ ಪಾಸ್ ಬಂದಿದೆ. ಶುರುವಾದಾಗ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಪ್ರಯಾಣ, ಯಾವುದು ಮೊದಲೋ ಅಲ್ಲಿಯವರೆಗೆ ಅದು ನಡೆಯುತ್ತದೆ. ಪಾಸ್ ಇದ್ದವರಿಗೆ ಟೋಲ್ ದಾಟಿದ ಸಾಲಿನಲ್ಲಿ ಸೊನ್ನೆ ಕಾಣುತ್ತದೆ, ಪ್ರಯಾಣದ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತದೆ. ಹೋಗಿ ಬಂದರೆ ಎರಡು ಪ್ರಯಾಣ, ಇಲ್ಲಿ ಒಂದೂವರೆ ಪಟ್ಟಿನ ಮಾತಿಲ್ಲ. ಈ ಪಾಸು ನಡೆಯುವುದು ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳ ಟೋಲಿನಲ್ಲಿ ಮಾತ್ರ. ರಾಜ್ಯ ಹೆದ್ದಾರಿಯ ಟೋಲಿಗೆ, ಫಾಸ್ಟ್ಯಾಗಿನಿಂದ ಹಣ ತೆಗೆದುಕೊಳ್ಳುವ ಪಾರ್ಕಿಂಗಿಗೆ ಬ್ಯಾಲೆನ್ಸಿನಿಂದಲೇ ಹಣ ಹೋಗುತ್ತದೆ. "ಪಾಸ್ ಇದ್ದೂ ಕಟ್ ಆಯಿತು" ಎನ್ನುವ ಮುಂಚೆ ಆ ಸಾಲಿನ ಟೋಲ್ ಯಾವ ರಸ್ತೆಯದು ಎಂದು ನೋಡಿ.

ನಿಜವಾದ ತಪ್ಪನ್ನು ಗುರುತಿಸುವುದು

ಇಷ್ಟು ಕಾರಣಗಳನ್ನು ಕಳೆದ ಮೇಲೂ ಉಳಿಯುವುದು ತಪ್ಪು ಕಡಿತ. ಅದನ್ನು ಹಿಡಿಯಲು ಸಾಲಿನಲ್ಲಿ ನಾಲ್ಕನ್ನು ನೋಡಬೇಕು: ಟೋಲಿನ ಹೆಸರು, ರೀಡರ್ ಓದಿದ ಸಮಯ, ಲೇನ್ ಸಂಖ್ಯೆ, ಮೊತ್ತ.

ಟೋಲಿನ ಹೆಸರು ಒಂದೇ, ಸಮಯದಲ್ಲಿ ಒಂದೆರಡು ನಿಮಿಷದ ಅಂತರ, ಆದರೂ ಎರಡು ಕಡಿತ ಎಂದರೆ ಒಂದೇ ದಾಟುವಿಕೆಗೆ ಎರಡು ಸಲ ಹಣ ಹೋಗಿದೆ. ಲೇನ್ ಸಂಖ್ಯೆ ಬೇರೆ ಬೇರೆ ಇದ್ದರೆ ಪಕ್ಕದ ಲೇನಿನ ರೀಡರ್ ಕೂಡ ನಿಮ್ಮ ಟ್ಯಾಗನ್ನು ಓದಿರುವ ಸಂಭವವಿದೆ. ಆ ಸಮಯದಲ್ಲಿ ಗಾಡಿ ಆ ಊರಿನಲ್ಲೇ ಇರಲಿಲ್ಲ ಎಂದಾದರೆ, ಟೋಲಿನಲ್ಲಿ ಬೇರೆ ಗಾಡಿಯ ನಂಬರನ್ನು ಕೈಯಾರೆ ಹಾಕುವಾಗ ತಪ್ಪಿ ನಿಮ್ಮದು ಬಿದ್ದಿರಬಹುದು. 24 ಗಂಟೆಯೊಳಗೆ ವಾಪಸು ಬಂದರೂ ಪೂರ್ತಿ ದರ ಹೋಗಿದ್ದರೆ ವ್ಯತ್ಯಾಸದ ಹಣ ನಿಮಗೆ ಬರಬೇಕು. 24 ಗಂಟೆಯನ್ನು ಎರಡು ರೀಡರ್ ಸಮಯಗಳ ನಡುವೆ ಎಣಿಸಿ, ಹಣ ಹೋದ ಸಮಯಗಳ ನಡುವೆ ಅಲ್ಲ.

ಇನ್ನೊಂದು ಸಂದರ್ಭ ಗೇಟಿನಲ್ಲಿ ಟ್ಯಾಗ್ ಓದದೆ ಹೋಗುವುದು. ಹಿಂದೆ ಸಾಲುಗಟ್ಟಿದ ಗಾಡಿಗಳ ಹಾರ್ನಿಗೆ ಅಂಜಿ ಹಣ ಕೊಟ್ಟು ಹೊರಡುತ್ತೇವೆ, ಆಮೇಲೆ ಟ್ಯಾಗಿನಿಂದಲೂ ಹಣ ಹೋಗುತ್ತದೆ. ಟ್ಯಾಗ್ ಸರಿಯಿದ್ದು, ಬ್ಯಾಲೆನ್ಸ್ ಇದ್ದು, ಟೋಲಿನ ಸಾಧನವೇ ಕೆಟ್ಟಿದ್ದರೆ ಹಣ ಪಡೆಯದೆ ಸೊನ್ನೆ ಮೊತ್ತದ ರಸೀದಿ ಕೊಟ್ಟು ಬಿಡಬೇಕೆಂದು 2018ರ ತಿದ್ದುಪಡಿ ಹೇಳುತ್ತದೆ. ದೋಷ ಟ್ಯಾಗಿನದ್ದೇ ಆಗಿದ್ದರೆ 2025ರಲ್ಲಿ ನಗದಿಗೆ ಎರಡು ಪಟ್ಟು ಕೊಡಬೇಕಿತ್ತು. 2025ರ ನವೆಂಬರ್ 15ರಿಂದ ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು. ಹೇಗೆ ಕೊಟ್ಟರೂ ರಸೀದಿ ಇಟ್ಟುಕೊಳ್ಳಿ. ಅದೇ ಟೋಲು, ಅದೇ ಹೊತ್ತಿನ ಕಡಿತ ಸ್ಟೇಟ್‌ಮೆಂಟಿನಲ್ಲಿ ಕಂಡರೆ ಎರಡು ಸಲ ಕೊಟ್ಟದ್ದಕ್ಕೆ ಆ ರಸೀದಿಯೇ ಸಾಕ್ಷಿ.

ದೂರನ್ನು ಮೊದಲು ಕೊಡಬೇಕಾದದ್ದು ಟ್ಯಾಗ್ ಕೊಟ್ಟ ಬ್ಯಾಂಕಿಗೆ. "ನನ್ನ ಹಣ ಹೋಯಿತು" ಎಂದಷ್ಟೇ ಬರೆದರೆ ಪತ್ರ ಸುತ್ತುತ್ತಲೇ ಇರುತ್ತದೆ. ಗಾಡಿ ನಂಬರು, ಆ ಸಾಲಿನ `Transaction ID`, ಟೋಲಿನ ಹೆಸರು, ರೀಡರ್ ಸಮಯ, ಹೋದ ಮೊತ್ತ, ಹೋಗಬೇಕಿದ್ದ ಮೊತ್ತ ಬರೆಯಿರಿ. ಗಾಡಿ ಅಲ್ಲಿರಲೇ ಇಲ್ಲ ಎಂಬ ದೂರಾದರೆ ಲೇನಿನ ಕ್ಯಾಮೆರಾದ ಚಿತ್ರ ತೋರಿಸಿ ಎಂದು ಕೇಳಿ. ದೂರು ಒಪ್ಪಿತವಾದರೆ ಹಣ ಟ್ಯಾಗಿನ ಬ್ಯಾಲೆನ್ಸಿಗೇ ಮರಳುತ್ತದೆ, ಸ್ಟೇಟ್‌ಮೆಂಟಿನಲ್ಲಿ ಅದು `Chargeback` ಅಥವಾ `Credit Adjustment` ಎಂದು ಜಮಾ ಸಾಲಾಗಿ ಕಾಣುತ್ತದೆ. ರಾಷ್ಟ್ರೀಯ ಹೆದ್ದಾರಿಯ ಟೋಲಾದರೆ 1033ಕ್ಕೆ ಕರೆ ಮಾಡಬಹುದು, ತಪ್ಪು ಕಡಿತಕ್ಕೆಂದೇ ಇರುವ `falsededuction@ihmcl.com` ವಿಳಾಸಕ್ಕೆ ಬರೆಯಬಹುದು. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು.

ಭಾವನ ಪುಸ್ತಕದಲ್ಲಿ ಈಗ ಫಾಸ್ಟ್ಯಾಗಿಗೆ ಬೇರೆ ಪುಟವಿದೆ. ನಾಲ್ಕು ಗೆರೆ ಎಳೆದು ಟೋಲಿನ ಹೆಸರು, ಗೇಟು ದಾಟಿದ ಹೊತ್ತು, ಹಣ ಹೋದ ಹೊತ್ತು, ಮೊತ್ತ ಎಂದು ಬರೆದಿದ್ದಾರೆ. ಪುಟದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಸಾಲು: ಠೇವಣಿ 200.